ಮ್ಯಾರಥಾನ್‌ಗೆ ಮುಂಚಿನ ಮೂರು ದಿನ: ಹೊಟ್ಟೆ ಉಬ್ಬದಂತೆ ಕಾರ್ಬೋಹೈಡ್ರೇಟ್ ತುಂಬಿಸುವುದು

ಓಟಕ್ಕೆ ಎರಡು ಮೂರು ದಿನ ಮೊದಲು ತಕ್ಕಡಿ ಒಂದು ಕಿಲೋ ಹೆಚ್ಚು ತೋರಿಸಿದರೆ ಹಲವರು ಗಾಬರಿಯಾಗಿ ಊಟ ಕಡಿಮೆ ಮಾಡುತ್ತಾರೆ. ಮಾಡಬಾರದ್ದು ಅದೇ. ತಿಂದ ಕಾರ್ಬೋಹೈಡ್ರೇಟ್ ಓಟದ ಇಂಧನವಾಗಿ ಸ್ನಾಯುಗಳಲ್ಲಿ ಸಂಗ್ರಹವಾಗುವ ರೂಪವೇ ಗ್ಲೈಕೋಜನ್. ಹೀಗೆ ಸೇರುವ ಪ್ರತಿ ಗ್ರಾಂ ಗ್ಲೈಕೋಜನ್ ಜೊತೆಗೆ ಸುಮಾರು ಮೂರು ಗ್ರಾಂ ನೀರೂ ಸೇರುತ್ತದೆ. ಹಾಗಾಗಿ 300 ಗ್ರಾಂ ಹೆಚ್ಚುವರಿ ಗ್ಲೈಕೋಜನ್ ಎಂದರೆ ಸುಮಾರು 1.2 ಕಿಲೋ ತೂಕ. ಕಾಲು ಸ್ವಲ್ಪ ಭಾರವೆನಿಸಬಹುದು, ಹೊಟ್ಟೆ ಮಾತ್ರ ಮೆತ್ತಗೇ ಇರುತ್ತದೆ. ಹೊಟ್ಟೆ ಬಿಗಿದು, ಊಟದ ನಂತರ ಗುಡುಗುಡು ಎಂದು ಗಾಳಿ ತುಂಬಿಕೊಂಡರೆ ಅದು ಬೇರೆ ವಿಷಯ: ಅದು ಕರುಳಿನ ತಕರಾರು.

ಈ ತಕರಾರಿಗೆ ಕಾರಣ ಹೆಚ್ಚಿನ ಸಲ ಕಾರ್ಬೋಹೈಡ್ರೇಟ್ ಅಲ್ಲ, ಅದರ ಜೊತೆ ಬರುವ ನಾರು, ಕೊಬ್ಬು ಮತ್ತು ಊಟದ ಗಾತ್ರ. ಜೀರ್ಣವಾಗದ ನಾರು ದೊಡ್ಡ ಕರುಳಿಗೆ ಹೋಗಿ, ಅಲ್ಲಿನ ಬ್ಯಾಕ್ಟೀರಿಯಾಗಳ ಕೈಯಲ್ಲಿ ಅನಿಲವಾಗುತ್ತದೆ. ಕೊಬ್ಬು ಜಠರ ಖಾಲಿಯಾಗುವುದನ್ನು ನಿಧಾನಿಸುತ್ತದೆ. ಎಂದೂ ಹೊಗಳಿಸಿಕೊಳ್ಳುವ ಕಾಳು, ಹಸಿ ತರಕಾರಿ, ಪಾಲಿಷ್ ಮಾಡದ ಧಾನ್ಯಗಳು ಈ ಮೂರು ದಿನ ಮಟ್ಟಿಗೆ ಬದಿಗಿರಲಿ.

60 ಕಿಲೋ ತೂಕದ ಓಟಗಾರ್ತಿ, ಭಾನುವಾರದ ಓಟ ಎಂದಿಟ್ಟುಕೊಳ್ಳಿ. ಗುರುವಾರ ದೇಹತೂಕದ ಪ್ರತಿ ಕಿಲೋಗೆ 7 ಗ್ರಾಂನಂತೆ 420 ಗ್ರಾಂ ಕಾರ್ಬೋಹೈಡ್ರೇಟ್ ಸಾಕು. ಶುಕ್ರವಾರ, ಶನಿವಾರ 10 ಗ್ರಾಂನಂತೆ 600. ಬರೀ ಅನ್ನದಿಂದ 600 ಗ್ರಾಂ ಮುಟ್ಟಬೇಕಾದರೆ ಎರಡು ಕಿಲೋಗಿಂತ ಹೆಚ್ಚು ಉಣ್ಣಬೇಕು. ಹೊಟ್ಟೆ ಉಬ್ಬದೆ ಇನ್ನೇನಾದೀತು? ಅದಕ್ಕೇ ಒಂದಷ್ಟನ್ನು ಕುಡಿಯಬೇಕು. ದಿನವಿಡೀ ಹಂಚಿ 900 ಗ್ರಾಂ ಬಿಳಿ ಅನ್ನ, ಮೂರು ದೊಡ್ಡ ಚಮಚೆ ಜೇನು ಸವರಿದ ಆರು ಬಿಳಿ ಬ್ರೆಡ್ ಹೋಳು, ಸಿಪ್ಪೆ ತೆಗೆದ 300 ಗ್ರಾಂ ಬೇಯಿಸಿದ ಆಲೂಗಡ್ಡೆ, ಎರಡು ಮಾಗಿದ ಬಾಳೆಹಣ್ಣು, ಒಂದೂವರೆ ಲೀಟರ್ ಸಕ್ಕರೆ ಬೆರೆಸಿದ ಕ್ರೀಡಾ ಪಾನೀಯ: ಲೆಕ್ಕ ಹಾಕಿದರೆ ಸುಮಾರು 600 ಬರುತ್ತದೆ. ಸೇಬಿನ ರಸ ಬೇಡ. ಅದರ ಫ್ರಕ್ಟೋಸ್ ಮತ್ತು ಸಾರ್ಬಿಟಾಲ್ ಹಲವರ ಕರುಳಿಗೆ ಆಗಿಬರುವುದಿಲ್ಲ. ಹಾಲು ಒಗ್ಗದವರು ಹಾಲನ್ನೂ ಬಿಡಿ.

ಶನಿವಾರದ ದೊಡ್ಡ ಊಟ ಮಧ್ಯಾಹ್ನವೇ ಮುಗಿಯಲಿ. ರಾತ್ರಿ ಬೇಗ, ಹಗುರವಾಗಿ ಉಣ್ಣಿ. ಓಟದ ಮುನ್ನಾ ರಾತ್ರಿ ಒಂದೇ ಸಲ ತಟ್ಟೆ ತುಂಬಾ ತಿನ್ನುವ ರೂಢಿ ನನ್ನ ಮಟ್ಟಿಗೆ ಈ ಇಡೀ ವಿಧಾನದ ಕೆಟ್ಟ ಭಾಗ: ಅದು ಬೆಳಿಗ್ಗೆಯೂ ಕರುಳಿನಲ್ಲೇ ಇರುತ್ತದೆ.

1960ರ ದಶಕದ ಸ್ವೀಡನ್‌ನ ಸಂಶೋಧಕರು ಮೊದಲು ಕಠಿಣ ವ್ಯಾಯಾಮ, ಕಾರ್ಬೋಹೈಡ್ರೇಟ್ ಇಲ್ಲದ ಆಹಾರಗಳಿಂದ ಸಂಗ್ರಹ ಬರಿದುಮಾಡಿ ಆಮೇಲೆ ತುಂಬಿಸುತ್ತಿದ್ದರು. ಈಗ ಆ ಬರಿದುಮಾಡುವಿಕೆ ಬೇಕಿಲ್ಲ. ತರಬೇತಿ ಇಳಿಸಿದರೆ ಸಾಕು, ಸ್ನಾಯು ತಾನಾಗಿ ಹೀರಿಕೊಳ್ಳುತ್ತದೆ. ಮಧುಮೇಹ ಇರುವವರು ಮಾತ್ರ ವೈದ್ಯರನ್ನು ಕೇಳದೆ ಇದಕ್ಕೆ ಇಳಿಯಬಾರದು. ಉಳಿದವರೂ ಯಾವುದಾದರೂ ದೀರ್ಘ ಅಭ್ಯಾಸ ಓಟಕ್ಕೆ ಮುಂಚೆ ಇದೇ ಊಟಗಳನ್ನು ಒಮ್ಮೆ ಉಂಡು ನೋಡಬೇಕು. ಯಾವ ತಿನಿಸು ಗಾಳಿ ತುಂಬುತ್ತದೆ ಎಂಬುದು ಆಗ ಗೊತ್ತಾಗುತ್ತದೆ.