ಸೂರ್ಯ ಮೇಷದಲ್ಲಿ ಇರಲು ಸಾಧ್ಯವೇ ಇರಲಿಲ್ಲ

ಹಳೆಯ ಗ್ರಂಥವೊಂದರಲ್ಲಿ ಜಾತಕ ಸಿಕ್ಕಿತೆಂದು ಬರುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: "ಕಂಪ್ಯೂಟರಿಗೆ ಕೊಟ್ಟರೆ ಹುಟ್ಟಿದ ದಿನ ಹೇಳುತ್ತದಲ್ಲವೇ?" ಹೇಳುತ್ತದೆ. ತಪ್ಪು ಅಂಕಿ ಕೊಟ್ಟರೂ ಒಂದು ದಿನವನ್ನು ಹೇಳಿಯೇ ಹೇಳುತ್ತದೆ. ತೊಂದರೆ ಇರುವುದೇ ಅಲ್ಲಿ. ಹಾಗಾಗಿ ನಾನು ಮೊದಲು ಜಾತಕದ ಒಳಗಿನ ಅಂಕಿಗಳು ಒಂದಕ್ಕೊಂದು ಒಪ್ಪುತ್ತವೆಯೇ ಎಂದು ನೋಡುತ್ತೇನೆ. ಆಕಾಶಕ್ಕೆ ಹೋಲಿಸುವ ಕೆಲಸ ಆಮೇಲಿನದು.

ಇದನ್ನು ವಿವರಿಸಲು ನಾನು ಯಾವಾಗಲೂ ಬಳಸುವ ಉದಾಹರಣೆ ತತ್ತ್ವಜ್ಞಾನಿ ಪ್ರೋಕ್ಲಸನದು. ಬೈಜಾಂಟಿಯಂನಲ್ಲಿ ಹುಟ್ಟಿ ಅಥೆನ್ಸ್‌ನಲ್ಲಿ ಪಾಠ ಹೇಳಿದವನು. ಅವನು ತೀರಿಕೊಂಡ ಮೇಲೆ ಶಿಷ್ಯ ಮರೀನಸ್ ಗ್ರೀಕಿನಲ್ಲಿ ಗುರುವಿನ ಚರಿತ್ರೆ ಬರೆದು, ಕೊನೆಯ ಭಾಗದಲ್ಲಿ ಅವನ ಜಾತಕವನ್ನೂ ಕೊಟ್ಟಿದ್ದಾನೆ. ಪ್ರತಿ ಸ್ಥಾನವೂ ರಾಶಿ, ಭಾಗ, ಕಲೆಗಳ ಸಮೇತ ಇದೆ. ಒಂದು ರಾಶಿಗೆ 30 ಭಾಗ, ಒಂದು ಭಾಗಕ್ಕೆ 60 ಕಲೆ. ಎಲ್ಲವೂ ಸಾಯನ ಲೆಕ್ಕ, ಎಂದರೆ ವಸಂತ ವಿಷುವದ ಬಿಂದುವಿನಿಂದ ಎಣಿಸಿದ್ದು. ಶನಿ ವೃಷಭದಲ್ಲಿ 24 ಭಾಗ 23 ಕಲೆ, ಗುರು ಅದೇ ವೃಷಭದಲ್ಲಿ 24 ಭಾಗ 41 ಕಲೆ, ಚಂದ್ರ ಮಿಥುನದಲ್ಲಿ 17 ಭಾಗ 29 ಕಲೆ, ಬುಧ ಕುಂಭದಲ್ಲಿ 4 ಭಾಗ 42 ಕಲೆ, ಲಗ್ನ ಮೇಷದಲ್ಲಿ 8 ಭಾಗ 19 ಕಲೆ. ಸೂರ್ಯ ಮೇಷದಲ್ಲಿ 16 ಭಾಗ 26 ಕಲೆ. ಹುಟ್ಟುವುದಕ್ಕೆ ಮುಂಚಿನ ಅಮಾವಾಸ್ಯೆ ಕುಂಭದ 8 ಭಾಗ 51 ಕಲೆಯಲ್ಲಿ ಆಗಿತ್ತೆಂದೂ ಅವನು ಬರೆದಿದ್ದಾನೆ.

ಪಂಚಾಂಗ ಬಲ್ಲವರಿಗೆ ಇಲ್ಲಿಯೇ ಮುಳ್ಳು ಚುಚ್ಚಬೇಕು. ಬುಧ ಸೂರ್ಯನನ್ನು ಬಿಟ್ಟು 28 ಭಾಗಕ್ಕಿಂತ ದೂರ ಹೋಗುವುದಿಲ್ಲ. ಇಲ್ಲಿ ಇಬ್ಬರ ನಡುವೆ 71 ಭಾಗಕ್ಕೂ ಹೆಚ್ಚು ಅಂತರವಿದೆ. ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಅಮಾವಾಸ್ಯೆಯದು. ಅಮಾವಾಸ್ಯೆಯಂದು ಸೂರ್ಯ ಚಂದ್ರರು ಒಂದೇ ಕಡೆ ಇರುತ್ತಾರೆ, ಅಂದರೆ ಆ ದಿನ ಸೂರ್ಯ ಕುಂಭದ 8ನೆಯ ಭಾಗದ ಆಸುಪಾಸಿನಲ್ಲಿದ್ದ. ಅಲ್ಲಿಂದ ಮೇಷದ 16ಕ್ಕೆ ಬರಲು ಅವನಿಗೆ ಎರಡು ತಿಂಗಳ ಮೇಲೆ ಬೇಕು. ಅಷ್ಟರಲ್ಲಿ ಇನ್ನೆರಡು ಅಮಾವಾಸ್ಯೆಗಳು ಕಳೆದಿರುತ್ತವೆ. ಆದ್ದರಿಂದ ಗ್ರಂಥದ 'ಮೇಷ' ಪ್ರತಿ ಮಾಡಿದವನ ತಪ್ಪು; ಸೂರ್ಯ ಇದ್ದದ್ದು ಕುಂಭದಲ್ಲಿ. ಹೀಗೆ ತಿದ್ದಿದರೆ ಬುಧನೂ ಅಮಾವಾಸ್ಯೆಯೂ ಸರಿಯಾದ ಜಾಗದಲ್ಲಿ ಕೂರುತ್ತವೆ. ಇಂಥ ತಿದ್ದುಪಡಿಗೆ ನಾನು ಹಿಂಜರಿಯುವುದಿಲ್ಲ, ಏಕೆಂದರೆ ಇದಕ್ಕೆ ಹೊರಗಿನ ಯಾವ ತಾರೀಖನ್ನೂ ನಂಬಬೇಕಾಗಿ ಬರಲಿಲ್ಲ. ಬೇಕಾದ ತಾರೀಖನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಂಡು ಅದಕ್ಕೆ ಒಗ್ಗುವಂತೆ ಗ್ರಹಗಳನ್ನು ಸರಿಸುವವರನ್ನೂ ನೋಡಿದ್ದೇನೆ.

ವರ್ಷವನ್ನು ಹಿಡಿಯಲು ನಿಧಾನಗತಿಯ ಗ್ರಹಗಳೇ ಬೇಕು. ಶನಿ ಒಂದು ಸುತ್ತಿಗೆ ಸುಮಾರು ಇಪ್ಪತ್ತೊಂಬತ್ತೂವರೆ ವರ್ಷ, ಗುರು ಸುಮಾರು ಹನ್ನೆರಡು ವರ್ಷ ತೆಗೆದುಕೊಳ್ಳುತ್ತವೆ. ಇಬ್ಬರೂ ಸೇರುವುದು ಇಪ್ಪತ್ತು ವರ್ಷಕ್ಕೊಮ್ಮೆ. ಆದರೆ ಪ್ರತಿ ಸಲವೂ ಬೇರೆ ರಾಶಿಯಲ್ಲಿ. ಮತ್ತೆ ಹತ್ತಿರಹತ್ತಿರ ಅದೇ ಜಾಗದಲ್ಲಿ ಸೇರಲು ಅರವತ್ತು ವರ್ಷ ಹಿಡಿಯುತ್ತದೆ. ಐದನೆಯ ಶತಮಾನದ ಆರಂಭದಲ್ಲಿ ಇಬ್ಬರೂ ವೃಷಭದ 24ರಲ್ಲಿ, ಸೂರ್ಯ ಕುಂಭದಲ್ಲಿ ಇದ್ದದ್ದು 412ರ ಫೆಬ್ರವರಿಯಲ್ಲಿ. ಅರವತ್ತು ವರ್ಷ ಹಿಂದೆ ಅಥವಾ ಮುಂದೆ ಹೋಗುವಂತಿಲ್ಲ; 485ರಲ್ಲಿ ವೃದ್ಧನಾಗಿ ತೀರಿಕೊಂಡವನಿಗೆ ಆ ಎರಡೂ ವರ್ಷಗಳು ಸಲ್ಲುವುದಿಲ್ಲ.

ಈಗ ಜಗಳ ಶುರುವಾಗುತ್ತದೆ. ಮರೀನಸ್ ತನ್ನ ಗುರು 75 ವರ್ಷ ಬದುಕಿದ ಎನ್ನುತ್ತಾನೆ. ಸಾವಿನ ದಿನವನ್ನು ಅವನೇ ಏಪ್ರಿಲ್ 17 ಎಂದು, ಜೂಲಿಯನ್ ಚಕ್ರವರ್ತಿಯ ಆಳ್ವಿಕೆಯಿಂದ 124ನೆಯ ವರ್ಷವೆಂದು ಕೊಟ್ಟಿದ್ದಾನೆ. ಅದು 485. ಇದಕ್ಕೂ ಆಕಾಶದ ಸಾಕ್ಷಿಯಿದೆ. ಸಾವಿಗೆ ಒಂದು ವರ್ಷ ಮುಂಚೆ, ಸೂರ್ಯ ಮಕರದಲ್ಲಿದ್ದಾಗ, ಹಗಲಿನಲ್ಲೇ ನಕ್ಷತ್ರ ಕಾಣುವಷ್ಟು ಕತ್ತಲೆ ಕವಿದ ಗ್ರಹಣವಾಯಿತೆಂದು ಅವನು ಬರೆಯುತ್ತಾನೆ. 484ರ ಜನವರಿ 14ರ ಸೂರ್ಯಗ್ರಹಣ ಇದಕ್ಕೆ ಸರಿಹೊಂದುತ್ತದೆ. ಸಾವಿನ ವರ್ಷ ಹೀಗೆ ಗಟ್ಟಿಯಾದರೆ, 75 ವರ್ಷದ ಲೆಕ್ಕದಲ್ಲಿ ಹುಟ್ಟು 410ರ ಹೊತ್ತಿಗೆ ಬರಬೇಕು. ಜಾತಕವೋ 412 ಎನ್ನುತ್ತದೆ.

ಯಾರನ್ನು ನಂಬುವುದು? 410ರಲ್ಲಿ ಗುರು ಎರಡು ರಾಶಿ ಹಿಂದೆ, ಮೀನದಲ್ಲಿದ್ದ. ಶನಿಯೂ ಸುಮಾರು 25 ಭಾಗ ಹಿಂದಿದ್ದ. ಒಬ್ಬ ಪ್ರತಿಕಾರ ಎರಡು ಗ್ರಹಗಳನ್ನೂ ಬೇರೆ ಬೇರೆ ಪ್ರಮಾಣದಲ್ಲಿ ತಪ್ಪಾಗಿ ಬರೆದು, ಆ ತಪ್ಪುಗಳು ತಾವಾಗಿಯೇ ಇನ್ನೊಂದು ನಿಜವಾದ ವರ್ಷಕ್ಕೆ ಹೊಂದಿಕೊಳ್ಳುವುದು ನಂಬುವ ಮಾತಲ್ಲ. 75 ಎಂಬ ಒಂಟಿ ಸಂಖ್ಯೆ ಕೆಡುವುದು ಸುಲಭ. ಜಾತಕವನ್ನೇ ಒಪ್ಪಿದರೆ ಅವನ ಆಯಸ್ಸು 73 ವರ್ಷ ಎರಡು ತಿಂಗಳು. ಇದನ್ನು ಹನ್ನೆರಡು ಚಾಂದ್ರಮಾಸಗಳ 354 ದಿನದ ವರ್ಷದಲ್ಲಿ ಎಣಿಸಿದರೆ ಎಪ್ಪತ್ತೈದೂವರೆಯ ಹತ್ತಿರ ಬರುತ್ತದೆ! ಲೆಕ್ಕ ಚೆಂದವಾಗಿದೆ, ಆದರೆ ಅಥೆನ್ಸ್‌ನ ಪಂಚಾಂಗದಲ್ಲಿ ಅಧಿಕಮಾಸ ಇತ್ತು. ಅದನ್ನು ಬಿಟ್ಟು ಒಬ್ಬನ ವಯಸ್ಸನ್ನು ಏಕೆ ಎಣಿಸಬೇಕು? ನಾನು ಈ ಪರಿಹಾರಕ್ಕೆ ಹೆಚ್ಚು ಭಾರ ಹಾಕುವುದಿಲ್ಲ.

ವರ್ಷವಾಯಿತು, ತಿಂಗಳಾಯಿತು. ದಿನದ ವಿಷಯದಲ್ಲಿ ನಿಧಾನಿಸಬೇಕು. ಜಾತಕ ಬರೆದವನು ಆಕಾಶ ನೋಡಿ ಬರೆದವನಲ್ಲ. ಎರಡನೆಯ ಶತಮಾನದ ಖಗೋಳಜ್ಞ ಟಾಲೆಮಿಯ ಪದ್ಧತಿಯ ಕೋಷ್ಟಕಗಳಿಂದ ಗಣಿತ ಮಾಡಿದವನು. ಆ ಕೋಷ್ಟಕಗಳ ವರ್ಷಮಾನ ನಿಜಕ್ಕಿಂತ ಸ್ವಲ್ಪ ಉದ್ದ. ಐದನೆಯ ಶತಮಾನಕ್ಕೆ ಬರುವಷ್ಟರಲ್ಲಿ ಸೂರ್ಯನ ಸ್ಥಾನ ಸುಮಾರು ಎರಡು ಭಾಗ ಹಿಂದೆ ಬಿದ್ದಿತ್ತು. ಕುಂಭದ 16 ಭಾಗ 26 ಕಲೆಯನ್ನು ಇಂದಿನ ತಂತ್ರಾಂಶಕ್ಕೆ ಕೊಟ್ಟರೆ ಫೆಬ್ರವರಿ 5 ಬರುತ್ತದೆ. ಅಂದಿನ ಕೋಷ್ಟಕದ ಪ್ರಕಾರ ಅದೇ ಸ್ಥಾನ 7ನೆಯ ತಾರೀಖಿನದು. ಆದ್ದರಿಂದ ಬರೆದವನು ಯಾವ ಕೋಷ್ಟಕ ಹಿಡಿದಿದ್ದನೋ ಅದರಲ್ಲೇ ಲೆಕ್ಕ ಹಾಕಬೇಕು.

ಹಾಗೆ ಮಾಡಿದರೂ ಚಂದ್ರ ಪೂರ್ತಿ ಒಪ್ಪುವುದಿಲ್ಲ. ಅಮಾವಾಸ್ಯೆಯಿಂದ ಸೂರ್ಯ ಏಳೂವರೆ ಭಾಗ ನಡೆದಿದ್ದಾನೆ, ಎಂದರೆ ಏಳೂವರೆ ದಿನ. ಅದೇ ಅವಧಿಯಲ್ಲಿ ಚಂದ್ರ 128 ಭಾಗಕ್ಕೂ ಹೆಚ್ಚು ದಾಟಿದ್ದಾನೆ. ಅವನು ಅತಿ ವೇಗದಲ್ಲಿದ್ದರೂ ಅದಕ್ಕೆ ಎಂಟೂವರೆ ದಿನವಾದರೂ ಬೇಕು. ಸೂರ್ಯ, ಚಂದ್ರ, ಅಮಾವಾಸ್ಯೆ ಈ ಮೂರರಲ್ಲಿ ಒಂದು ಅಂಕಿಯಾದರೂ ಕೆಟ್ಟಿದೆ. ಗ್ರಂಥಗಳಲ್ಲಿ ಹೆಚ್ಚಾಗಿ ಕಾಣುವ ಜನ್ಮದಿನ ಫೆಬ್ರವರಿ 8. ನಾನು '412 ಫೆಬ್ರವರಿ 7 ಅಥವಾ 8' ಎಂದೇ ಬರೆಯುತ್ತೇನೆ.

ಹೊತ್ತಿಗೆ ಮಾತ್ರ ಒಳ್ಳೆಯ ಆಧಾರವಿದೆ. ಲಗ್ನ ಮೇಷದ 8ರಲ್ಲಿ ಇದ್ದಾಗ ಬೈಜಾಂಟಿಯಂನ ಅಕ್ಷಾಂಶದಲ್ಲಿ ನಡುನೆತ್ತಿಗೆ ಬರುವುದು ಮಕರದ 4ನೆಯ ಭಾಗ. ಗ್ರಂಥ ಮಕರದಲ್ಲಿ 4 ಭಾಗ 42 ಕಲೆ ಎನ್ನುತ್ತದೆ. ಇಷ್ಟು ಹತ್ತಿರ ಬಂದರೆ ಸಾಕು. ಸೂರ್ಯೋದಯವಾಗಿ ಎರಡು ಗಂಟೆ ಕಳೆದಿತ್ತು. ಆದರೆ ಬುಧನಿಗೂ ಇದೇ 4 ಭಾಗ 42 ಕಲೆ ಇರುವುದನ್ನು ಗಮನಿಸಿದಿರಾ? ನಡುನೆತ್ತಿಯ ಅಂಕಿಗೆ ಲಗ್ನದ ಬೆಂಬಲವಿದೆ. ಬುಧನ ಅಂಕಿ ಪಕ್ಕದ ಸಾಲಿನಿಂದ ಕಣ್ಣು ಜಾರಿ ಬಂದದ್ದಿರಬೇಕು. ಅದಕ್ಕೇ ಸೂರ್ಯನನ್ನು ತಿದ್ದುವಾಗ ಬುಧನಿಗಿಂತ ಅಮಾವಾಸ್ಯೆಯನ್ನು ಹೆಚ್ಚು ನಂಬಿದ್ದು.

ಇಷ್ಟೆಲ್ಲ ಆದಮೇಲೂ ಕೈಗೆ ಸಿಕ್ಕಿರುವುದು ಜಾತಕ ಬರೆದವನಿಗೆ ಹೇಳಿದ ದಿನ ಮತ್ತು ಹೊತ್ತು. ಪ್ರೋಕ್ಲಸನ ಮನೆಯವರು ನೆನಪಿನಿಂದ ತಪ್ಪು ದಿನ ಹೇಳಿದ್ದರೆ ಗಣಿತ ಅದನ್ನೂ ಇಷ್ಟೇ ನಿಖರವಾಗಿ ಕಲೆಗಳವರೆಗೆ ಕೊಡುತ್ತಿತ್ತು.