ಮೊಟ್ಟೆಯ ಕಸ್ಟರ್ಡನ್ನು ಎಷ್ಟು ಡಿಗ್ರಿಗೆ ಇಳಿಸಬೇಕು?

ಬಳ್ಳಾರಿಯಲ್ಲಿ ಕಸ್ಟರ್ಡ್ ಎಂದರೆ ಬಹುತೇಕ ಮನೆಗಳಲ್ಲಿ ಡಬ್ಬಿಯ ಹಳದಿ ಪುಡಿಯಿಂದ ಮಾಡಿ, ಬಾಳೆಹಣ್ಣು, ದಾಳಿಂಬೆ, ದ್ರಾಕ್ಷಿ ಬೆರೆಸಿ, ತಣ್ಣಗೆ ಮಾಡಿ ಬಡಿಸುವ ಸಿಹಿ. ಆ ಪುಡಿಯಲ್ಲಿ ಮೊಟ್ಟೆ ಇರುವುದಿಲ್ಲ. ಅದು ಬಣ್ಣ ಮತ್ತು ಪರಿಮಳ ಸೇರಿಸಿದ ಮೆಕ್ಕೆಜೋಳದ ಪಿಷ್ಟ, ಅಂದರೆ ಕಾರ್ನ್‌ಫ್ಲೋರ್. 1837ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಆಲ್‌ಫ್ರೆಡ್ ಬರ್ಡ್ ಎಂಬ ಔಷಧ ವ್ಯಾಪಾರಿ ಮೊಟ್ಟೆ ಒಗ್ಗದ ತನ್ನ ಹೆಂಡತಿಗಾಗಿ ಇಂಥ ಪುಡಿಯನ್ನು ರೂಪಿಸಿದ. ಪಿಷ್ಟ ಸರಿಯಾಗಿ ಉಬ್ಬಿ ಗಟ್ಟಿಯಾಗಬೇಕಾದರೆ ಹಾಲು ಕುದಿಯಲೇಬೇಕು. ಮೊಟ್ಟೆಯ ಕಸ್ಟರ್ಡಿನ ಸ್ವಭಾವ ಇದಕ್ಕೆ ತೀರಾ ವಿರುದ್ಧ, ಅದು ಕುದಿಯಲೇಬಾರದು. ಪುಡಿಯ ಕಸ್ಟರ್ಡಿನಲ್ಲಿ ಕೈ ಪಳಗಿದವರು ಮೊದಲ ಬಾರಿ ಮೊಟ್ಟೆಯದನ್ನು ಮಾಡುವಾಗ ಅದೇ ಅಭ್ಯಾಸದಿಂದ ಒಂದು ಕುದಿ ಬರಲೆಂದು ಕಾಯುತ್ತಾರೆ, ಪಾತ್ರೆಯಲ್ಲಿ ಉಳಿಯುವುದು ತಿಳಿನೀರಿನಲ್ಲಿ ತೇಲುವ ಹಳದಿ ಕಾಳು. ಇದು ಕೈಗುಣದ ದೋಷವಲ್ಲ, ಉಷ್ಣತೆಯ ಲೆಕ್ಕ ತಪ್ಪಿದ್ದರ ಫಲ.

ಮೊಟ್ಟೆಯ ಪ್ರೋಟೀನುಗಳು ಸಹಜ ಸ್ಥಿತಿಯಲ್ಲಿ ಸುರುಳಿ ಸುತ್ತಿಕೊಂಡ ಉದ್ದನೆಯ ಅಣುಗಳು. ಬಿಸಿ ತಾಗಿದಾಗ ಸುರುಳಿ ಬಿಚ್ಚಿಕೊಳ್ಳುತ್ತದೆ, ಬಿಚ್ಚಿದ ಅಣುಗಳು ಅಕ್ಕಪಕ್ಕದವುಗಳಿಗೆ ಅಂಟಿಕೊಂಡು ಸಡಿಲವಾದ ಬಲೆಯೊಂದನ್ನು ಹೆಣೆಯುತ್ತವೆ, ಹಾಲಿನ ನೀರು ಆ ಬಲೆಯ ಕಣ್ಣುಗಳಲ್ಲಿ ಸಿಕ್ಕಿಕೊಳ್ಳುತ್ತದೆ. ನಮ್ಮ ಸೀಮೆಯಲ್ಲಿ ಎಮ್ಮೆ ಈದಾಗ ಮಾಡುವ ಗಿಣ್ಣ ಗಟ್ಟಿಯಾಗುವುದೂ ಹೀಗೆಯೇ. ಅಲ್ಲಿ ಕೆಲಸ ಮಾಡುವುದು ಗಿಣ್ಣದ ಹಾಲಿನ ಪ್ರೋಟೀನುಗಳು, ಇಲ್ಲಿ ಮೊಟ್ಟೆಯವು ಎಂಬುದಷ್ಟೇ ವ್ಯತ್ಯಾಸ. ಹದವಾಗಿ ಬೆಂದ ಗಿಣ್ಣ ಮೆತ್ತಗೆ ನುಣುಪಾಗಿರುತ್ತದೆ, ಬೇಯಿಸುವುದು ಅತಿಯಾದರೆ ಅದರಲ್ಲಿ ತೂತುಗಳು ಮೂಡಿ, ತುಂಡು ಮಾಡಿದಾಗ ನೀರು ಒಸರುತ್ತದೆ. ಬಿಸಿ ಹೆಚ್ಚಾದಂತೆ ಬಲೆ ಬಿಗಿಯುತ್ತಾ ಹೋಗಿ ಒಳಗಿನ ನೀರನ್ನು ಹಿಂಡಿ ಹೊರಹಾಕುವುದೇ ಇದಕ್ಕೆ ಕಾರಣ. ಅಲುಗಾಡಿಸದೆ ಬೇಯಿಸಿದರೆ ಈ ಬಲೆ ಒಂದೇ ಗಡ್ಡೆಯಾಗಿ ಕೂರುತ್ತದೆ. ತಿರುವುತ್ತಲೇ ಕಾಯಿಸಿದರೆ ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳಾಗಿ ಹರಡಿಕೊಂಡು, ಸುರಿಯಬಹುದಾದ ದಪ್ಪ ಸಾಸ್ ಆಗುತ್ತದೆ. ಚೂರುಗಳು ಬಿಗಿದು ಒಂದಕ್ಕೊಂದು ಗುಂಪುಗೂಡಿ ನಾಲಿಗೆಗೆ ರವೆಯಂತೆ ಸಿಗತೊಡಗಿದಾಗ ನಾವು ಅದನ್ನು ಒಡೆಯಿತು ಎನ್ನುತ್ತೇವೆ.

ಬರೀ ಮೊಟ್ಟೆಯ ಹಳದಿಯನ್ನು ಕಾಯಿಸಿದರೆ ಅದು ಸುಮಾರು 65 ಡಿಗ್ರಿ ಸೆಲ್ಸಿಯಸ್‌ಗೆ ದಪ್ಪವಾಗತೊಡಗಿ 70ಕ್ಕೆ ಗಟ್ಟಿಯಾಗುತ್ತದೆ. ಹಾಲು ಬೆರೆಸಿದಾಗ ಪ್ರೋಟೀನುಗಳು ಪರಸ್ಪರ ದೂರ ಸರಿಯುವುದರಿಂದ, ಮತ್ತು ಸಕ್ಕರೆಯು ಅವುಗಳ ಸುರುಳಿ ಬೇಗ ಬಿಚ್ಚದಂತೆ ತಡೆಯುವುದರಿಂದ, ಆ ಅಂಕಿಗಳು ಹತ್ತು ಡಿಗ್ರಿಗೂ ಹೆಚ್ಚು ಮೇಲಕ್ಕೆ ಏರುತ್ತವೆ. ಹಾಲು, ಹಳದಿ, ಸಕ್ಕರೆ ಸೇರಿದ ಸಾಸ್ ಸುಮಾರು 77ರ ಆಸುಪಾಸಿನಲ್ಲಿ ದಪ್ಪವಾಗಲು ಶುರುವಾಗಿ, 82ರಿಂದ 84ರ ನಡುವೆ ಹದಕ್ಕೆ ಬರುತ್ತದೆ, 85 ದಾಟಿದ ಮೇಲೆ ಕಾಳುಗಟ್ಟುವ ಅಪಾಯ ಬಹಳ ಬೇಗ ಬೆಳೆಯುತ್ತದೆ. ಮನೆಯ ಗ್ಯಾಸ್ ಒಲೆಯ ಮೇಲೆ ಮಾಡುವವರು 82ಕ್ಕೇ ಇಳಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. 84ರ ಸಾಸ್ ಕೊಂಚ ಹೆಚ್ಚು ದಪ್ಪವಾಗಿರುತ್ತದೆ ನಿಜ, ಆದರೆ ಅಲ್ಲಿಂದ ಜಾರಲು ಉಳಿದಿರುವ ಜಾಗ ಒಂದೇ ಡಿಗ್ರಿ.

ಅರ್ಧ ಲೀಟರ್ ಹಾಲು, ಐದು ಮೊಟ್ಟೆಗಳ ಹಳದಿ, 75 ಗ್ರಾಂ ಸಕ್ಕರೆ, ಎರಡು ಏಲಕ್ಕಿ ತೆಗೆದುಕೊಳ್ಳೋಣ. ಹಳದಿಗೆ ಬಿಳಿಯ ಅಂಶ ಆದಷ್ಟು ಅಂಟದಂತೆ ಬೇರ್ಪಡಿಸಬೇಕು, ಏಕೆಂದರೆ ಬಿಳಿಯಲ್ಲಿರುವ ಕೆಲವು ಪ್ರೋಟೀನುಗಳು ಹಳದಿಯದಕ್ಕಿಂತ ಮೊದಲೇ ಗಟ್ಟಿಯಾಗಿ ಎಳೆ ಎಳೆಯಾಗುತ್ತವೆ. ಸಕ್ಕರೆಯನ್ನು ಹಳದಿಯ ಮೇಲೆ ಸುರಿದು ಹಾಗೆಯೇ ಬಿಡಬಾರದು. ಅದು ಹಳದಿಯ ನೀರನ್ನು ಎಳೆದುಕೊಂಡು, ಮುಂದೆ ಎಷ್ಟು ತಿರುವಿದರೂ ಕರಗದ ಸಣ್ಣ ಗಂಟುಗಳನ್ನು ಉಂಟುಮಾಡುತ್ತದೆ. ಸಕ್ಕರೆ ಹಾಕಿದ ಕೂಡಲೇ ಚೆನ್ನಾಗಿ ಕಲಸಬೇಕು.

ಇನ್ನು ಹಾಲು. ಬಿಸಿ ಹಾಲನ್ನು ಸ್ವಲ್ಪ ಸ್ವಲ್ಪವಾಗಿ ಹಳದಿಗೆ ಸುರಿಯಬೇಕೆಂದು ಎಲ್ಲರೂ ಹೇಳುತ್ತಾರೆ, ಆದರೆ ಆ ಹಾಲು ಎಷ್ಟು ಬಿಸಿ ಇರಬೇಕೆಂಬುದನ್ನು ಹೇಳುವುದು ಕಡಿಮೆ. ಹಳದಿ ಮತ್ತು ಸಕ್ಕರೆ ನಮ್ಮ ಅಡುಗೆಮನೆಯ 30 ಡಿಗ್ರಿಯಲ್ಲಿವೆ ಎಂದುಕೊಂಡರೆ, ಅರ್ಧ ಲೀಟರ್ ಕುದಿಹಾಲು ಸೇರಿದಾಗ ಮಿಶ್ರಣದ ಉಷ್ಣತೆ ಲೆಕ್ಕದ ಪ್ರಕಾರ 88ರ ಹತ್ತಿರ ಬರುತ್ತದೆ. ಸುರಿಯುವಾಗ ಹಾಲು ಆರುವುದರಿಂದಲೂ ಬೋಗುಣಿ ಒಂದಷ್ಟು ಬಿಸಿಯನ್ನು ಹೀರಿಕೊಳ್ಳುವುದರಿಂದಲೂ ಅಷ್ಟು ಆಗಲಿಕ್ಕಿಲ್ಲ, ಆದರೂ ಮಿಶ್ರಣ ಒಲೆಯನ್ನು ಕಾಣುವ ಮೊದಲೇ ಗಡಿಯ ಬಳಿ ನಿಂತಿರುತ್ತದೆ. ಹಾಲು 85 ಡಿಗ್ರಿಯಲ್ಲಿದ್ದರೆ, ಅಂದರೆ ಅಂಚಿನಲ್ಲಿ ಸಣ್ಣ ಗುಳ್ಳೆಗಳು ಕಾಣಿಸಿ ಹಬೆ ಏಳುವ ಹಂತದಲ್ಲಿ ಇಳಿಸಿದ್ದರೆ, ಇದೇ ಲೆಕ್ಕ 77ರಲ್ಲಿ ನಿಲ್ಲುತ್ತದೆ, ಬೋಗುಣಿಯಲ್ಲಿ ನಿಜವಾಗಿ ಸಿಗುವುದು ಇನ್ನೂ ನಾಲ್ಕೈದು ಡಿಗ್ರಿ ಕಡಿಮೆ. ಮೊದಲ ಒಂದೆರಡು ಸೌಟು ಹಾಲನ್ನು ಹಳದಿಯನ್ನು ತಿರುವುತ್ತಾ ನಿಧಾನವಾಗಿ ಸೇರಿಸಿ, ಉಳಿದದ್ದನ್ನು ಸಣ್ಣ ಧಾರೆಯಲ್ಲಿ ಹಾಕಬೇಕು. ಹಳದಿ ಮೊದಲೇ ತೆಳುವಾಗಿದ್ದರೆ ಮುಂದಿನ ಬಿಸಿಯನ್ನು ತಡೆದುಕೊಳ್ಳುತ್ತದೆ.

ಮಿಶ್ರಣವನ್ನು ದಪ್ಪ ತಳದ ಪಾತ್ರೆಗೆ ಮರಳಿ ಹಾಕಿ ಅತಿ ಸಣ್ಣ ಉರಿಯ ಮೇಲಿಡಬೇಕು. ಇಷ್ಟು ಪ್ರಮಾಣದ ಕಸ್ಟರ್ಡ್ ಜೋರು ಉರಿಯಲ್ಲಿ 82ರಿಂದ 85ರವರೆಗಿನ ಮೂರು ಡಿಗ್ರಿಗಳನ್ನು ಅಂದಾಜು ಏಳೆಂಟು ಸೆಕೆಂಡುಗಳಲ್ಲಿ ದಾಟಿಬಿಡುತ್ತದೆ, ಸಣ್ಣ ಉರಿಯಲ್ಲಿ ಅದಕ್ಕೆ ಅರ್ಧ ನಿಮಿಷಕ್ಕೂ ಹೆಚ್ಚು ಹಿಡಿಯುತ್ತದೆ. ನಿಧಾನಕ್ಕೆ ಇನ್ನೊಂದು ಲಾಭವಿದೆ. ಬೇಗ ಕಾಯಿಸಿದಾಗ ದಪ್ಪವಾಗುವ ಉಷ್ಣತೆಯೇ ಮೇಲಕ್ಕೆ ಸರಿದು ಒಡೆಯುವ ಉಷ್ಣತೆಗೆ ಹತ್ತಿರವಾಗುತ್ತದೆ. ನಿಧಾನವಾಗಿ ಕಾಯಿಸಿದಾಗ ಎರಡರ ನಡುವೆ ಹೆಚ್ಚು ಅಂತರ ಉಳಿಯುತ್ತದೆ. ಕುದಿನೀರಿನ ಪಾತ್ರೆಯ ಮೇಲೆ ಬೋಗುಣಿ ಇಟ್ಟು ಹಬೆಯಲ್ಲಿ ಕಾಯಿಸುವ ಕ್ರಮ ಒಳ್ಳೆಯದೇ, ಆದರೆ ಆ ಹಬೆಯೂ 98 ಡಿಗ್ರಿಯದ್ದು. ಹಬೆಯ ಮೇಲಿದೆಯಲ್ಲ ಎಂದು ಕಣ್ಣು ತಪ್ಪಿಸಿದರೆ ಅಲ್ಲಿಯೂ ಒಡೆಯುತ್ತದೆ.

ತಿರುವುವ ಸಾಧನ ಅಂಚು ಚಪ್ಪಟೆಯಾಗಿರುವ ಮರದ ಸೌಟಾದರೆ ಚೆನ್ನ, ತಳವನ್ನೂ ಮೂಲೆಗಳನ್ನೂ ಬಿಡದೆ ಕೆರೆಯಬಹುದು. ಕಾಳುಗಳು ಹುಟ್ಟುವುದು ಮೊದಲು ಅಲ್ಲಿಯೇ. ಹಳದಿಯನ್ನು ಕಲಸುವಾಗ ಎದ್ದ ಸಣ್ಣ ನೊರೆ ಆರಂಭದಲ್ಲಿ ಮೇಲ್ಮೈಯನ್ನೆಲ್ಲ ಮುಚ್ಚಿರುತ್ತದೆ. ಬಿಸಿ ಏರಿದಂತೆ ಆ ನೊರೆಯ ಗುಳ್ಳೆಗಳು ದೊಡ್ಡದಾಗಿ, ಒಂದೊಂದೇ ಒಡೆದು ಕಾಣೆಯಾಗುತ್ತವೆ, ಕೆಳಗಿನ ಹೊಳಪಿನ ಹಳದಿ ಮೈ ತೋರುತ್ತದೆ, ಸೌಟಿಗೆ ಸಣ್ಣ ಎದುರೊತ್ತು ತಿಳಿಯುತ್ತದೆ. ಇಲ್ಲಿಂದ ಮುಂದೆ ಬೇರೆ ಯಾವ ಕೆಲಸಕ್ಕೂ ಕೈ ಹಾಕಬಾರದು. ಸೌಟನ್ನು ಎತ್ತಿ ಅದರ ಹಿಂಬದಿಗೆ ಹತ್ತಿದ ಪದರದ ಮೇಲೆ ಬೆರಳಿನಿಂದ ಗೆರೆ ಎಳೆದಾಗ, ಮೇಲಿನ ಸಾಸ್ ಇಳಿದು ಬಂದು ಗೆರೆಯನ್ನು ಮುಚ್ಚದಿದ್ದರೆ ಹದ ಬಂದಿದೆ ಎಂದು ತಿಳಿಯಬೇಕು. ಹಾಗೆ ಹತ್ತಿದ ಪದರದಲ್ಲಿ ನುಣುಪಿನ ಬದಲು ಮರಳಿನಂಥ ಕಣಗಳು ಕಂಡರೆ ಒಡೆಯುವುದು ಶುರುವಾಗಿದೆ.

ಬೆರಳಿನ ಗೆರೆ ನಂಬಬಹುದಾದ ಪರೀಕ್ಷೆ, ಆದರೆ ಅದು ಹದ ಬಂದ ಮೇಲೆ ಹೇಳುತ್ತದೆ; ಬರುತ್ತಿದೆ ಎಂದು ಮೊದಲೇ ಹೇಳುವುದು ಅಡುಗೆಯ ಥರ್ಮಾಮೀಟರ್. ಅದನ್ನು ಕುದಿನೀರಿನಲ್ಲಿ ಅದ್ದಿ, 100 ತೋರಿಸಿದರೆ ಸರಿಯಿದೆ ಎಂದು ತೀರ್ಮಾನಿಸುವವರು ಬಳ್ಳಾರಿಯಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ನಮ್ಮ ಊರು ಸಮುದ್ರಮಟ್ಟದಿಂದ ನಾನೂರೈವತ್ತು ಮೀಟರಿಗೂ ಎತ್ತರದಲ್ಲಿದೆ, ಆದ್ದರಿಂದ ಇಲ್ಲಿ ನೀರು ಸುಮಾರು 98.5 ಡಿಗ್ರಿಗೇ ಕುದಿಯುತ್ತದೆ. ರಾಯಚೂರು, ಕೊಪ್ಪಳಗಳಲ್ಲಿಯೂ ಹೆಚ್ಚುಕಡಿಮೆ ಇದೇ ಅಂಕಿ. ಇಲ್ಲಿನ ಕುದಿನೀರಿನಲ್ಲಿ 100 ತೋರಿಸುವ ಥರ್ಮಾಮೀಟರ್ ಒಂದೂವರೆ ಡಿಗ್ರಿ ಹೆಚ್ಚು ಹೇಳುತ್ತಿದೆ ಎಂದರ್ಥ, ಅದರಲ್ಲಿ 82 ಕಂಡಾಗ ಸಾಸ್ ಇನ್ನೂ ಎಂಬತ್ತೂವರೆಯಲ್ಲಿ ತೆಳ್ಳಗೇ ಇರುತ್ತದೆ. ಇದಕ್ಕಿಂತ ಕೆಟ್ಟದ್ದು ಕಡಿಮೆ ತೋರಿಸುವ ಥರ್ಮಾಮೀಟರ್. ಕುದಿನೀರಿನಲ್ಲಿ 95 ತೋರುವ ಸಾಧನವನ್ನು ನಂಬಿ 82ರವರೆಗೆ ಕಾಯಿಸಿದವರ ಸಾಸ್ ಅಷ್ಟರಲ್ಲಿ 85 ದಾಟಿರುತ್ತದೆ. ಪುಡಿ ಮಾಡಿದ ಮಂಜುಗಡ್ಡೆಯನ್ನು ಲೋಟದ ತುಂಬ ಹಾಕಿ ಅದು ಮುಳುಗುವಷ್ಟೇ ನೀರು ಸೇರಿಸಿ ನೋಡಿದರೆ ಯಾವ ಊರಿನಲ್ಲಾದರೂ 0 ಬರಬೇಕು. ಎರಡೂ ಪರೀಕ್ಷೆ ಮಾಡಿಕೊಳ್ಳುವುದು ಒಳ್ಳೆಯದು. ಅಳೆಯುವಾಗ ಕಡ್ಡಿಯ ತುದಿ ಪಾತ್ರೆಯ ತಳಕ್ಕೆ ತಾಗಬಾರದು.

82 ಕಂಡ ಕೂಡಲೇ ಉರಿ ಆರಿಸಿದರೆ ಸಾಲದು, ಏಕೆಂದರೆ ದಪ್ಪ ತಳದಲ್ಲಿ ಉಳಿದ ಬಿಸಿ ಸಾಸನ್ನು ಇನ್ನೂ ಒಂದೆರಡು ಡಿಗ್ರಿ ಮೇಲಕ್ಕೆ ಒಯ್ಯುತ್ತದೆ. ಒಲೆ ಹಚ್ಚುವ ಮೊದಲೇ ಪಕ್ಕದಲ್ಲಿ ತಣ್ಣನೆಯ ಬೋಗುಣಿ, ಅದರ ಮೇಲೆ ಸಣ್ಣ ಕಣ್ಣಿನ ಜರಡಿ ಇಟ್ಟುಕೊಂಡಿದ್ದು, ಹದ ಬಂದ ಕ್ಷಣವೇ ಸೋಸಿಬಿಡಬೇಕು. ಏಲಕ್ಕಿಯ ಸಿಪ್ಪೆ, ಬಿಳಿಯ ಎಳೆ, ತಳದಲ್ಲಿ ಎಲ್ಲೋ ಕಟ್ಟಿದ ಒಂದೆರಡು ಕಾಳು ಎಲ್ಲವೂ ಜರಡಿಯಲ್ಲಿ ಉಳಿಯುತ್ತವೆ. ಒಡೆಯುವುದು ಆಗಷ್ಟೇ ಶುರುವಾಗಿದ್ದರೆ, ಬೇರೆ ಪಾತ್ರೆಗೆ ಸುರಿದು ಎರಡು ಚಮಚ ತಣ್ಣನೆಯ ಹಾಲು ಹಾಕಿ, ಬಿಸಿ ಸ್ವಲ್ಪ ಇಳಿದ ಮೇಲೆ ಮಿಕ್ಸಿಯಲ್ಲಿ ಕೆಲವು ಸೆಕೆಂಡು ತಿರುಗಿಸಿ ಸೋಸಿದರೆ ನುಣುಪು ಬಹುಪಾಲು ಮರಳುತ್ತದೆ. ಆದರೆ ಬಿಗಿದ ಪ್ರೋಟೀನು ಮತ್ತೆ ಸಡಿಲವಾಗದು, ಕಾಳುಗಳು ಸಣ್ಣದಾಗುತ್ತವೆ ಅಷ್ಟೇ, ಸಾಸ್ ತೆಳ್ಳಗಿರುತ್ತದೆ, ಮೊಟ್ಟೆಯ ವಾಸನೆ ಎದ್ದು ಕಾಣುತ್ತದೆ. ನೀರು ಪೂರ್ತಿ ಬೇರ್ಪಟ್ಟಿದ್ದರೆ ಈ ಉಪಾಯವೂ ಸಾಗದು.

ಹುಳಿಯೂ ಈ ಲೆಕ್ಕವನ್ನು ಕೆಡಿಸುತ್ತದೆ. ಬೆಲ್ಲದ ಪಾಯಸಕ್ಕೆ ಬಿಸಿ ಹಾಲು ಬೆರೆಸಿದಾಗ ಒಡೆಯುವುದನ್ನು ನಾವೆಲ್ಲ ಕಂಡಿದ್ದೇವೆ, ಕಸ್ಟರ್ಡಿಗೂ ಬೆಲ್ಲವನ್ನು ಒಲೆಯ ಮೇಲಿರುವಾಗ ಹಾಕಬಾರದು. ಹುಳಿ ಹಣ್ಣುಗಳನ್ನೂ ಸಾಸ್ ಪೂರ್ತಿ ಆರಿದ ಮೇಲೆಯೇ ಸೇರಿಸಬೇಕು.

ಇಷ್ಟು ಕಾವಲು ಕಾಯಲಾಗದವರು ಸಕ್ಕರೆಯ ಜೊತೆ ಎರಡು ಚಮಚ ಕಾರ್ನ್‌ಫ್ಲೋರ್ ಬೆರೆಸಿಕೊಳ್ಳಬಹುದು. ಉಬ್ಬಿದ ಪಿಷ್ಟ ಪ್ರೋಟೀನುಗಳು ಗುಂಪುಗೂಡದಂತೆ ತಡೆಯುತ್ತದೆ, ಆಗ ಕುದಿ ಬಂದರೂ ಒಡೆಯುವುದಿಲ್ಲ. ಮಾತ್ರವಲ್ಲ, ಅದು ಕುದಿಯಲೇಬೇಕು, ಏಕೆಂದರೆ ಹಳದಿಯಲ್ಲಿ ಪಿಷ್ಟವನ್ನು ಕರಗಿಸುವ ಕಿಣ್ವವೊಂದಿದೆ. ಅದು ನಾಶವಾಗುವಷ್ಟು ಕುದಿಸದಿದ್ದರೆ ರಾತ್ರಿ ದಪ್ಪವಾಗಿದ್ದ ಕಸ್ಟರ್ಡ್ ಬೆಳಿಗ್ಗೆ ನೀರಾಗಿರುತ್ತದೆ. ರುಚಿಯಲ್ಲಿ ಇದು ಪಿಷ್ಟವಿಲ್ಲದ ಸಾಸಿಗೆ ಸಮವಲ್ಲ, ನಾಲಿಗೆಯ ಮೇಲೆ ಅಂಟಂಟಾಗಿ ನಿಲ್ಲುತ್ತದೆ.

82 ಡಿಗ್ರಿಗೆ ಕಾಯಿಸಿದ ಮೊಟ್ಟೆ ಸುರಕ್ಷಿತವೇ ಎಂಬ ಪ್ರಶ್ನೆ ಸಹಜ. ಮೊಟ್ಟೆಯ ಖಾದ್ಯಗಳಿಗೆ ಸಾಮಾನ್ಯವಾಗಿ ಹೇಳುವ ಸುರಕ್ಷಿತ ಉಷ್ಣತೆ 71 ಡಿಗ್ರಿ, ನಾವು ಅದನ್ನು ಸಾಕಷ್ಟು ದಾಟಿರುತ್ತೇವೆ. ಅಪಾಯ ಇರುವುದು ಅನಂತರ. ಬಳ್ಳಾರಿಯ ಏಪ್ರಿಲ್, ಮೇ ತಿಂಗಳ 40 ಡಿಗ್ರಿ ಬಿಸಿಯಲ್ಲಿ ಹಾಲು, ಮೊಟ್ಟೆ, ಸಕ್ಕರೆ ಸೇರಿದ ಸಾಸನ್ನು ಕಟ್ಟೆಯ ಮೇಲೆ ಆರಲು ಬಿಟ್ಟರೆ ಅದು ಆರುವುದೇ ಇಲ್ಲ, ಬ್ಯಾಕ್ಟೀರಿಯಾ ಬೆಳೆಯಲು ಹೇಳಿ ಮಾಡಿಸಿದ ಬಿಸಿಯಲ್ಲಿ ಗಂಟೆಗಟ್ಟಲೆ ಕೂತಿರುತ್ತದೆ. ಬೋಗುಣಿಯನ್ನು ಮಂಜುಗಡ್ಡೆ ಹಾಕಿದ ನೀರಿನಲ್ಲಿಟ್ಟು ಆಗಾಗ ತಿರುವುತ್ತಾ ತಣ್ಣಗಾಗಿಸಿ, ಕೆನೆಯಂಥ ಪೊರೆ ಕಟ್ಟದಂತೆ ಮೇಲ್ಮೈಗೆ ತಾಗುವಂತೆ ಹಾಳೆ ಮುಚ್ಚಿ, ಒಂದು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಬೇಕು. ತಣ್ಣಗಾದಂತೆ ಅದು ಇನ್ನಷ್ಟು ದಪ್ಪವಾಗುತ್ತದೆ, ಆದ್ದರಿಂದ ಬಿಸಿಯಿರುವಾಗ ತೆಳ್ಳಗಿದೆಯೆಂದು ಮರಳಿ ಒಲೆಯ ಮೇಲೆ ಇಡಬಾರದು.