ಅಜ್ಜಿಯ ಕಣ್ಣಿನ ಬಿಳಿ ಚುಕ್ಕೆ

ಕೊಪ್ಪಳದ ನಮ್ಮ ಓಣಿಯ ಹುಡುಗನೊಬ್ಬ ಫೋನ್ ಹಿಡಿದುಕೊಂಡು ಮನೆಗೆ ಬಂದ. ‘ಅಣ್ಣಾರ, ನಮ್ಮ ಅಜ್ಜಿದೊಂದು ಫೋಟೊ ಬೇಕ್ರಿ, ಫ್ರೇಮ್ ಹಾಕ್ಸಾಕ’ ಅಂದ. ಅಜ್ಜಿ ತೀರಿಕೊಂಡು ಹತ್ತು ದಿನವಾಗಿತ್ತು. ಇದ್ದದ್ದು ಒಂದೇ ವಿಡಿಯೊ. ಗವಿಮಠದ ಜಾತ್ರೆಯ ರಾತ್ರಿ ಮನೆಯಲ್ಲಿ ತೆಗೆದದ್ದು, 40 ಸೆಕೆಂಡ್. ಅಜ್ಜಿ ಮಾದಲಿ ಬಡಿಸುತ್ತಾರೆ, ಕೂರುತ್ತಾರೆ, ಯಾರಿಗೋ ಏನೋ ಹೇಳಿ ನಗುತ್ತಾರೆ.

ಅವನು ಆಗಲೇ ಸ್ಕ್ರೀನ್‌ಶಾಟ್ ತೆಗೆದಿದ್ದ. ಅದು ಮಸುಕಾಗಿತ್ತು. ಒಂದು ಕಾರಣ ಸುಲಭದ್ದು: ವಿಡಿಯೊದ ಅಗಲ 1080 ಪಿಕ್ಸೆಲ್, ಅವನ ಫೋನಿನ ಪರದೆಯ ಅಗಲ 720. ಸ್ಕ್ರೀನ್‌ಶಾಟ್ ಹಿಡಿಯುವುದು ಪರದೆಯನ್ನು, ವಿಡಿಯೊವನ್ನಲ್ಲ. ಇನ್ನೊಂದು ಕಾರಣವೇ ದೊಡ್ಡದು. ಹೆಬ್ಬೆರಳು ಎಲ್ಲಿ ನಿಂತಿತೋ ಅದೇ ಫ್ರೇಮ್, ಅಂದರೆ ವಿಡಿಯೊದ ಆ ಒಂದು ಬಿಡಿ ಚಿತ್ರ, ಸಿಕ್ಕಿತ್ತು. ಸೆಕೆಂಡಿಗೆ 30ರಂತೆ ಆ ವಿಡಿಯೊದಲ್ಲಿ 1,200 ಫ್ರೇಮ್ ಇವೆ.

ಟ್ಯೂಬ್‌ಲೈಟ್ ಬೆಳಕಿನಲ್ಲಿ ಫೋನಿಗೆ ಬೆಳಕು ಸಾಲದು. ಹಾಗಾಗಿ ಒಂದೊಂದು ಫ್ರೇಮಿಗೂ ಅದು ಕಣ್ಣು ತೆರೆದಿಡುವ ಹೊತ್ತು ಸೆಕೆಂಡಿನ ಮೂವತ್ತರಲ್ಲೊಂದು ಭಾಗದವರೆಗೂ ಹೋಗುತ್ತದೆ. ಮಾತಾಡುತ್ತಾ ತಲೆ ಆಡಿಸುವಾಗ ಮುಖ ಸೆಕೆಂಡಿಗೆ 30 ಸೆಂಟಿಮೀಟರ್ ವೇಗದಲ್ಲಿ ಸರಿಯಿತು ಅನ್ನಿ. ಅಷ್ಟರಲ್ಲಿ ಅದು 1 ಸೆಂಟಿಮೀಟರ್ ಸರಿದಿರುತ್ತದೆ. ಅಜ್ಜಿಯ ಮುಖದ ಎತ್ತರ ಸುಮಾರು 20 ಸೆಂಟಿಮೀಟರ್, ವಿಡಿಯೊದಲ್ಲಿ ಅದು 300 ಪಿಕ್ಸೆಲ್. ಅಂದರೆ 15 ಪಿಕ್ಸೆಲ್ ಉದ್ದಕ್ಕೂ ಎಲ್ಲವೂ ಬಳಿದುಹೋಗುತ್ತದೆ. ಹೆಚ್ಚೂಕಮ್ಮಿ ಕಣ್ಣಿನ ಕರಿ ಗುಡ್ಡೆಯ ಅಗಲ ಅದು. ಆಮೇಲೆ ಎಷ್ಟು ಶಾರ್ಪ್ ಮಾಡಿದರೂ ಆ ಗುಡ್ಡೆ ವಾಪಸ್ ಬರುವುದಿಲ್ಲ.

ಹಾಗಾಗಿ ನಾನು ಮೊದಲು ಹುಡುಕಿದ್ದು ಅಜ್ಜಿ ಅಲುಗದ ಕ್ಷಣ. ತೊಟ್ಟಿಲು ಒಂದು ತುದಿಗೆ ಹೋಗಿ ವಾಪಸ್ ಬರುವ ಮುಂಚೆ ಒಂದು ಗಳಿಗೆ ನಿಲ್ಲುತ್ತದೆ ಅಲ್ವಾ? ತಲೆಯೂ ಹಾಗೇ. ಮಾತು ಮುಗಿದು ನಗು ಶುರುವಾಗುವ ನಡುವೆ, 21ನೇ ಸೆಕೆಂಡಿನ ಹತ್ತಿರ, ಅಂಥದ್ದೊಂದು ನಿಲುಗಡೆ ಸಿಕ್ಕಿತು. ಮೆಸೇಜಿನಲ್ಲಿ ಕುಗ್ಗಿ ಬಂದ ಪ್ರತಿ ಬಿಟ್ಟು, ತೆಗೆದ ಫೋನಿನಿಂದಲೇ ಮೂಲ ಫೈಲನ್ನು ಕೇಬಲ್ ಹಾಕಿ ಇಳಿಸಿಕೊಂಡು, ffmpeg ಅನ್ನುವ ಪ್ರೋಗ್ರಾಮಿನಲ್ಲಿ ಎರಡು ಸೆಕೆಂಡಿನ ಎಲ್ಲ ಫ್ರೇಮುಗಳನ್ನೂ ಬಿಡಿಸಿದೆ:

```
ffmpeg -ss 21 -t 2 -i ajji.mp4 f_%03d.png
```

ಸುಮಾರು 60 ಚಿತ್ರಗಳು ಬಂದವು. ಇಲ್ಲೊಂದು ಸಣ್ಣ ಉಪಾಯ ಇದೆ. ಫೈಲುಗಳನ್ನು ಗಾತ್ರದ ಪ್ರಕಾರ ಜೋಡಿಸಿ ನೋಡಿ. ಒಂದೇ ದೃಶ್ಯವಾದರೆ, ಮಸುಕಾದದ್ದು PNGಯಲ್ಲಿ ಚೆನ್ನಾಗಿ ಕುಗ್ಗುತ್ತದೆ, ಸ್ಪಷ್ಟವಾದದ್ದು ಅಷ್ಟು ಕುಗ್ಗುವುದಿಲ್ಲ. ದೊಡ್ಡ ಫೈಲುಗಳೇ ಮೊದಲ ಆಯ್ಕೆ. ಆದರೆ ಫೈಲಿಗೆ ಅಜ್ಜಿ ಯಾರು, ಗೋಡೆ ಯಾವುದು ಗೊತ್ತಿಲ್ಲ. ಹಿಂದಿನ ಕ್ಯಾಲೆಂಡರ್ ಸ್ಪಷ್ಟವಾಗಿ ಬಂದು ಮುಖ ಮಸುಕಾಗಿದ್ದರೂ ಗಾತ್ರ ದೊಡ್ಡದೇ.

ಕೊನೆಯ ತೀರ್ಮಾನ ಕಣ್ಣಿನದ್ದು. ಕರಿ ಗುಡ್ಡೆಯ ಮೇಲೆ ದೀಪದ ಬಿಳಿ ಚುಕ್ಕೆ ಇರುತ್ತದೆ. ಚಿತ್ರವನ್ನು ದೊಡ್ಡದು ಮಾಡಿ ಅದನ್ನು ನೋಡಿ. ಪಕ್ಕದ ಫ್ರೇಮುಗಳಿಗಿಂತ ಅದು ಉದ್ದಕ್ಕೆ ಎಳೆದಂತಿದ್ದರೆ ತಲೆಯೋ ಫೋನೋ ಅಲುಗಿದೆ. ಎಲ್ಲ ಕಡೆಗೂ ಸಮವಾಗಿ ಹರಡಿದ್ದರೆ ಫೋಕಸ್ ತಪ್ಪಿದೆ. ಚಿಕ್ಕದಾಗಿ, ಗಟ್ಟಿಯಾಗಿ ಇದ್ದರೆ ಅದೇ ಫ್ರೇಮ್. ನಮಗೆ ಅದು 37ನೆಯದು. 36ರಲ್ಲಿ ನಗು ಇನ್ನೂ ಚಂದ ಇತ್ತು, ಆದರೆ ರೆಪ್ಪೆ ಅರ್ಧ ಮುಚ್ಚಿತ್ತು.

ಬಣ್ಣಕ್ಕೆ GIMP ಅನ್ನುವ ಫೋಟೊ ತಿದ್ದುವ ಸಾಫ್ಟ್‌ವೇರ್ ಸಾಕಾಯಿತು. ಟ್ಯೂಬ್‌ಲೈಟಿನಿಂದ ಮುಖ ಹಸಿರು ಹೊಡೆಯುತ್ತಿತ್ತು. Levelsನಲ್ಲಿ ಬೂದು ಬಣ್ಣದ ಡ್ರಾಪರ್ ಇದೆ. ಬಣ್ಣವಿಲ್ಲದ ಜಾಗ ಇದು ಅಂತ ತೋರಿಸಿದರೆ ಉಳಿದದ್ದನ್ನು ಅದಕ್ಕೆ ಹೊಂದಿಸುತ್ತದೆ. ಹುಡುಗ ಚಿತ್ರದಲ್ಲಿ ಅಜ್ಜಿಯ ಪಕ್ಕ ಕೂತ ತಾತನ ಪಂಚೆ ತೋರಿಸಿದ. ಒತ್ತಿದೆ, ಅಜ್ಜಿ ಅರಿಶಿನ ಮೆತ್ತಿದ ಹಾಗಾದರು! ಪಂಚೆಗೆ ನೀಲಿ ಹಾಕಿ ಒಗೆದಿದ್ದರು. ಆ ನೀಲಿಯನ್ನು ಕಳೆಯಲು ಹೋಗಿ ಎಲ್ಲಕ್ಕೂ ಹಳದಿ ಬಂತು. ಅಜ್ಜಿಯ ಹಣೆಯ ವಿಭೂತಿ ಗಟ್ಟಿಯಾಗಿತ್ತು, ಅದರ ಮೇಲೆ ಒತ್ತಿದಾಗ ಸರಿಹೋಯಿತು.

ಬಣ್ಣವನ್ನು ಜಾಸ್ತಿ ಏರಿಸಬಾರದು. ಫೋನ್ ವಿಡಿಯೊ ಸಾಮಾನ್ಯವಾಗಿ ಬೆಳಕನ್ನು ಪ್ರತಿ ಪಿಕ್ಸೆಲಿಗೂ ಬರೆದಿಟ್ಟರೂ ಬಣ್ಣವನ್ನು ನಾಲ್ಕು ಪಿಕ್ಸೆಲಿಗೆ ಒಂದೇ ಅಂತ ಬರೆದಿಡುತ್ತದೆ. ಏರಿಸಿದರೆ ಇಳಕಲ್ ಸೀರೆಯ ಕೆಂಪು ಸೆರಗಿನ ಬಣ್ಣ ಅಂಚು ದಾಟಿ ಪಕ್ಕಕ್ಕೆ ಸೋರಿದ ಹಾಗೆ ಕಾಣುತ್ತದೆ.

ಶಾರ್ಪ್ ಮಾಡುವುದು ಎಲ್ಲಕ್ಕಿಂತ ಕೊನೆಗೆ. Unsharp Mask ಹೊಸ ವಿವರ ತರುವುದಿಲ್ಲ. ಅಂಚಿನ ಒಂದು ಬದಿಯನ್ನು ತುಸು ಕಪ್ಪು, ಇನ್ನೊಂದನ್ನು ತುಸು ಬಿಳಿ ಮಾಡುತ್ತದೆ ಅಷ್ಟೇ. Radius 1, Amount 0.5 ಇಟ್ಟೆ. ಹುಡುಗ ‘ಇನ್ನೂ ಸ್ವಲ್ಪ ಹಾಕ್ರಿ’ ಅಂದ. ಹಾಕಿ ತೋರಿಸಿದೆ. ಸೆರಗಿನ ಸುತ್ತ ಬಿಳಿ ಗೆರೆ ಎದ್ದಿತು, ಕೆನ್ನೆಯ ಸುಕ್ಕು ಬಿರುಕು ಬಿಟ್ಟ ಗೋಡೆಯಂತಾಯಿತು. ‘ಬ್ಯಾಡ್ರಿ, ನಮ್ಮಜ್ಜಿ ಹಿಂಗಿರಲಿಲ್ಲ’ ಅಂದ.

ಅವನಿಗೆ 12x18 ಇಂಚು ಬೇಕಿತ್ತು. ಕತ್ತರಿಸಿದ ಮೇಲೆ ನಮ್ಮ ಕೈಲಿ ಉಳಿದದ್ದು 800x1200 ಪಿಕ್ಸೆಲ್. 4x6ಕ್ಕೆ ಇಂಚಿಗೆ 200 ಪಿಕ್ಸೆಲ್ ಸಿಗುತ್ತದೆ, 12x18ಕ್ಕೆ 67 ಕೂಡ ಇಲ್ಲ. 4x6ನ್ನೇ ಪ್ರಿಂಟ್ ಹಾಕಿಸಿ, ಸುತ್ತ ಅಗಲವಾದ ಬಿಳಿ ಅಂಚು ಬಿಟ್ಟು ದೊಡ್ಡ ಫ್ರೇಮಿನಲ್ಲಿ ಕೂರಿಸಿದೆವು. ಅದರಲ್ಲಿ ಅಜ್ಜಿಯ ಬಲಗೈ ಮಸುಕಾಗಿದೆ. ಯಾರನ್ನೋ ಊಟಕ್ಕೆ ಕರೆಯುತ್ತಿತ್ತು.